ಡೈವರ್ಟಿಕ್ಯುಲರ್ ಕಾಯಿಲೆ: ಇಳಿವಯಸ್ಸಿನಲ್ಲಿ ನಾರು, ಎಡಗಡೆಯ ನೋವು ಮತ್ತು ಜ್ವರ

ದೊಡ್ಡಕರುಳಿನ ಗೋಡೆಯಿಂದ ಹೊರಕ್ಕೆ ಉಬ್ಬಿ ನಿಲ್ಲುವ ಸಣ್ಣ ಚೀಲಗಳಿಂದ ಬರುವ ತೊಂದರೆಗಳನ್ನೆಲ್ಲ ಸೇರಿಸಿ ಡೈವರ್ಟಿಕ್ಯುಲರ್ ಕಾಯಿಲೆ ಎನ್ನುತ್ತಾರೆ. ಇಂಥ ಒಂದು ಚೀಲದ ಹೆಸರು ಡೈವರ್ಟಿಕ್ಯುಲಮ್. ಚೀಲಗಳು ಯಾವ ತಂಟೆಯೂ ಮಾಡದೆ ಇದ್ದರೆ ಆ ಸ್ಥಿತಿ ಡೈವರ್ಟಿಕ್ಯುಲೋಸಿಸ್. ಅವುಗಳಲ್ಲಿ ಒಂದು ಕೆರಳಿ ಊದಿಕೊಂಡು ಸೋಂಕು ಹತ್ತಿಸಿಕೊಂಡರೆ ಅದು ಡೈವರ್ಟಿಕ್ಯುಲೈಟಿಸ್. ಎರಡು ಹೆಸರುಗಳು ಕೇಳಲು ಒಂದೇ ತೆರನಾಗಿರುವುದರಿಂದ ಸ್ಕ್ಯಾನ್ ವರದಿ ಕೈಗೆ ಬಂದಾಗ ಮನೆಯವರು ಗಾಬರಿಯಾಗುವುದುಂಟು. ಮೊದಲನೆಯದು ನರೆಗೂದಲಿನ ಹಾಗೆ ವಯಸ್ಸಿನ ಗುರುತು, ಅದಕ್ಕೆ ಔಷಧ ಬೇಕಿಲ್ಲ. ಎರಡನೆಯದು ರೋಗ.

ಪಾಶ್ಚಾತ್ಯ ದೇಶಗಳಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು ಅರ್ಧದಷ್ಟು ಜನರ ಕರುಳಿನಲ್ಲಿ ಈ ಚೀಲಗಳಿರುತ್ತವೆ. ನಲವತ್ತರ ಒಳಗಿನವರಲ್ಲಿ ಅಪರೂಪ. ಚೀಲ ಇರುವವರಲ್ಲಿ ನಾಲ್ಕನೇ ಒಂದು ಭಾಗದವರಿಗೆ ಮುಂದೆ ಉರಿಯೂತ ಬರುತ್ತದೆ ಎಂದು ಹಳೆಯ ಪಠ್ಯಗಳು ಹೇಳುತ್ತಿದ್ದವು. ಬೇರೆ ಕಾರಣಕ್ಕೆ ಕೊಲೊನೋಸ್ಕೋಪಿ ಮಾಡಿಸಿಕೊಂಡು ಚೀಲ ಕಂಡವರನ್ನು ವರ್ಷಗಟ್ಟಲೆ ಗಮನಿಸಿದ ಮೇಲೆ ಆ ಲೆಕ್ಕ ನೂರಕ್ಕೆ ಐದರ ಒಳಕ್ಕೆ ಇಳಿಯಿತು. ಭಾರತದಲ್ಲಿ ಕಾಯಿಲೆ ಪಶ್ಚಿಮಕ್ಕಿಂತ ಕಡಿಮೆ. ಜಪಾನ್, ಕೊರಿಯಾಗಳಲ್ಲಿ ಚೀಲಗಳು ಹೆಚ್ಚಾಗಿ ಬಲಗಡೆಯ ಕರುಳಿನಲ್ಲಿ ಮೂಡುತ್ತವೆ, ಅಲ್ಲಿ ಬರುವ ನೋವನ್ನು ಅಪೆಂಡಿಕ್ಸ್ ಎಂದು ತಪ್ಪು ತಿಳಿಯುವ ಸಂಭವ ಇದೆ. ಈ ಲೇಖನದ ವಿಷಯ ಮುಖ್ಯವಾಗಿ ಎಡಗಡೆಯದು, ಅದರಲ್ಲೂ ವಯಸ್ಸಾದವರದು.

ಚೀಲ ಮೂಡುವ ಬಗೆ

ದೊಡ್ಡಕರುಳು ಹೊಟ್ಟೆಯ ಎಡಭಾಗದಲ್ಲಿ ಕೆಳಗಿಳಿದು ಗುದನಾಳವನ್ನು ಸೇರುವ ಮುಂಚೆ ಇಂಗ್ಲಿಷಿನ ಎಸ್ ಅಕ್ಷರದಂತೆ ಬಳುಕುತ್ತದೆ. ಈ ಭಾಗಕ್ಕೆ ಸಿಗ್ಮಾಯ್ಡ್ ಎಂದು ಹೆಸರು. ದೊಡ್ಡಕರುಳಿನಲ್ಲೆಲ್ಲ ಅತಿ ಇಕ್ಕಟ್ಟಾದ ಜಾಗ ಇದು. ನೀರು ಹೀರಿಹೋಗಿ ಮಲ ಗಟ್ಟಿಯಾಗಿರುವುದೂ ಇಲ್ಲಿಯೇ. ಕೊಳವೆ ಕಿರಿದಾದಷ್ಟೂ ಅದರ ಸ್ನಾಯು ಹಿಂಡಿದಾಗ ಒಳಗಿನ ಒತ್ತಡ ಹೆಚ್ಚು. ಮುಂದೆ ತಳ್ಳಲು ಸಾಕಷ್ಟು ಗಾತ್ರದ ಮಲ ಇಲ್ಲದಿದ್ದರೆ ಅಕ್ಕಪಕ್ಕದ ಎರಡು ಕಡೆ ಸ್ನಾಯು ಬಿಗಿದು, ನಡುವೆ ಒಂದು ಮುಚ್ಚಿದ ಕೋಣೆಯೇ ಆಗಿಬಿಡುತ್ತದೆ. ಒತ್ತಡಕ್ಕೆ ಹೊರಹೋಗಲು ದಾರಿ ಇರುವುದಿಲ್ಲ.

ಕರುಳಿನ ಒಳಪೊರೆಗೆ ರಕ್ತ ಒಯ್ಯುವ ಸಣ್ಣ ನಾಳಗಳು ಸ್ನಾಯುವಿನ ಪದರವನ್ನು ತೂರಿಕೊಂಡು ಒಳಗೆ ಬರುತ್ತವೆ. ತೂರಿ ಬಂದ ಆ ಜಾಗಗಳೇ ಗೋಡೆಯ ದುರ್ಬಲ ತಾಣಗಳು. ಸವೆದ ಸೈಕಲ್ ಟೈರಿನ ಬಿರುಕಿನಿಂದ ಟ್ಯೂಬು ಉಬ್ಬಿ ಹೊರಬರುವಂತೆ ಒಳಪೊರೆ ಅಲ್ಲಿಂದ ಹೊರಕ್ಕೆ ಇಣುಕುತ್ತದೆ. ಆದ್ದರಿಂದ ಚೀಲದ ಗೋಡೆಯಲ್ಲಿ ಸ್ನಾಯು ಇರುವುದಿಲ್ಲ, ತೆಳುವಾದ ಪೊರೆ ಮಾತ್ರ. ವಯಸ್ಸಾಗುತ್ತ ಗೋಡೆಯನ್ನು ಬಿಗಿಹಿಡಿದಿದ್ದ ಕೊಲ್ಲಾಜನ್ ಎಳೆಗಳೂ ತಮ್ಮ ಗುಣ ಕಳೆದುಕೊಳ್ಳುತ್ತವೆ. ಇಳಿವಯಸ್ಸಿನಲ್ಲಿ ಚೀಲಗಳ ಸಂಖ್ಯೆ ಏರಲು ಇದೂ ಒಂದು ಕಾರಣ.

ಈ ರಚನೆಯಿಂದಲೇ ಕಾಯಿಲೆಯ ಎರಡು ಮುಖಗಳು ಹುಟ್ಟುತ್ತವೆ. ತೆಳುಗೋಡೆಯಲ್ಲಿ ಉರಿಯೂತ ಎದ್ದು ಸಣ್ಣ ತೂತು ಬಿದ್ದರೆ ಕರುಳಿನ ಬ್ಯಾಕ್ಟೀರಿಯಾ ಹೊರಕ್ಕೆ ಸೋರುತ್ತವೆ. ಆಗ ನೋವು, ಜ್ವರ. ಚೀಲದ ಕತ್ತಿನ ಮೇಲೆ ಹಾದುಹೋಗುವ ರಕ್ತನಾಳ ಸವೆದು ಒಡೆದರೆ ರಕ್ತಸ್ರಾವ. ರಕ್ತಸ್ರಾವದಲ್ಲಿ ನೋವು ಇರುವುದಿಲ್ಲ. ಶೌಚಕ್ಕೆ ಹೋದಾಗ ಇದ್ದಕ್ಕಿದ್ದಂತೆ ಕೆಂಪು ರಕ್ತ ಧಾರಾಳವಾಗಿ ಹೋಗುತ್ತದೆ. ಹೆಚ್ಚಿನವರಲ್ಲಿ ತಾನಾಗಿಯೇ ನಿಲ್ಲುತ್ತದಾದರೂ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಅದು ನಿಲ್ಲಲಿ ಎಂದು ಮನೆಯಲ್ಲಿ ಕಾಯುವಂತಿಲ್ಲ. ಎರಡೂ ಒಂದೇ ಸಲ ಬರುವುದು ಬಹಳ ಅಪರೂಪ.

ನಾರಿನ ವಾದ

ನಾರು ಮತ್ತು ಈ ಕಾಯಿಲೆಯ ನಂಟನ್ನು ಜಗತ್ತಿಗೆ ಹೇಳಿದವರು ಲಂಡನ್ನಿನ ಶಸ್ತ್ರವೈದ್ಯ ನೀಲ್ ಪೇಂಟರ್ ಮತ್ತು ಉಗಾಂಡಾದಲ್ಲಿ ಬಹುಕಾಲ ಕೆಲಸ ಮಾಡಿದ ಐರಿಷ್ ವೈದ್ಯ ಡೆನಿಸ್ ಬರ್ಕಿಟ್. 1971ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅವರ ಲೇಖನ, ಇದು ಪಾಶ್ಚಾತ್ಯ ನಾಗರಿಕತೆಯ ಕೊರತೆಯ ಕಾಯಿಲೆ ಎಂದು ಸಾರಿತು. ಬಿಳಿ ಹಿಟ್ಟು ಮತ್ತು ಸಕ್ಕರೆ ತಿನ್ನುವವರಲ್ಲಿ ಕಾಯಿಲೆ ಉಂಟು, ಒರಟು ಧಾನ್ಯ ತಿನ್ನುವ ಆಫ್ರಿಕನ್ನರಲ್ಲಿ ಇಲ್ಲ ಎಂಬುದು ಅವರ ವಾದದ ತಿರುಳು. ಅಲ್ಲಿಯವರೆಗೆ ವೈದ್ಯರು ಈ ರೋಗಿಗಳಿಗೆ ನಾರಿಲ್ಲದ ಮೆತ್ತನೆಯ ಊಟವನ್ನೇ ಹೇಳುತ್ತಿದ್ದರು. ಪೇಂಟರ್ ಗೋಧಿತೌಡು ಕೊಟ್ಟರು, ಹಲವರಿಗೆ ಮಲಬದ್ಧತೆಯೂ ಹೊಟ್ಟೆನೋವೂ ತಗ್ಗಿದವು.

ಆ ವಾದ ಅಷ್ಟು ಸರಳವಾಗಿ ಉಳಿಯಲಿಲ್ಲ. 2012ರಲ್ಲಿ ಪ್ರಕಟವಾದ, ಅಮೆರಿಕದಲ್ಲಿ ಕೊಲೊನೋಸ್ಕೋಪಿ ಮಾಡಿಸಿಕೊಂಡ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದ ಅಧ್ಯಯನದಲ್ಲಿ ಹೆಚ್ಚು ನಾರು ತಿನ್ನುವವರಲ್ಲಿ ಚೀಲಗಳು ಕಡಿಮೆ ಏನೂ ಇರಲಿಲ್ಲ, ತುಸು ಹೆಚ್ಚೇ ಇದ್ದವು. ಆದರೆ ಬ್ರಿಟನ್ನಿನಲ್ಲಿ ಸುಮಾರು 47,000 ಜನರನ್ನು ಹಿಂಬಾಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನ, ಸಸ್ಯಾಹಾರಿಗಳು ಮತ್ತು ಹೆಚ್ಚು ನಾರು ತಿನ್ನುವವರು ಈ ಕಾಯಿಲೆಯಿಂದ ಆಸ್ಪತ್ರೆ ಸೇರುವುದು ಸ್ಪಷ್ಟವಾಗಿ ಕಡಿಮೆ ಎಂದು ಕಂಡಿತು. ಎರಡನ್ನೂ ಜೊತೆಗಿಟ್ಟು ನೋಡಿದರೆ ತೋರುವುದು ಇಷ್ಟು: ಚೀಲ ಮೂಡುವುದನ್ನು ನಾರು ತಡೆಯುತ್ತದೆಂಬುದಕ್ಕೆ ಆಧಾರ ದುರ್ಬಲ, ಇರುವ ಚೀಲ ಕೆಡುವುದನ್ನು ತಗ್ಗಿಸುತ್ತದೆಂಬುದಕ್ಕೆ ಆಧಾರ ಸಾಕಷ್ಟಿದೆ. ಮೂಡಿದ ಚೀಲ ನಾರಿನಿಂದ ಮಾಯವಾಗುವುದಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ಹಳೆಯ ಎಚ್ಚರಿಕೆಯನ್ನೂ ಬದಿಗಿಡಬೇಕು. ಟೊಮ್ಯಾಟೊ ಬೀಜ, ಸೀಬೆಬೀಜ, ಕಡಲೆಕಾಯಿ, ಎಳ್ಳು ಚೀಲದಲ್ಲಿ ಸಿಕ್ಕಿಕೊಂಡು ಕೊಳೆಸುತ್ತವೆ ಎಂದು ದಶಕಗಳ ಕಾಲ ರೋಗಿಗಳನ್ನು ಹೆದರಿಸಲಾಗಿತ್ತು. 47,000 ಗಂಡಸರನ್ನು ಹದಿನೆಂಟು ವರ್ಷ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ಕಾಯಿಬೀಜ, ಜೋಳ, ಪಾಪ್‌ಕಾರ್ನ್ ತಿಂದವರಿಗೆ ಅಪಾಯ ಹೆಚ್ಚಲಿಲ್ಲ. ಹಲ್ಲು ಗಟ್ಟಿಯಿದ್ದರೆ ಸೀಬೆಹಣ್ಣನ್ನು ಬೀಜಸಮೇತ ತಿನ್ನಬಹುದು.

ಪ್ರಮಾಣದ ಮಾತಿಗೆ ಬಂದರೆ, ದಿನಕ್ಕೆ 25ರಿಂದ 30 ಗ್ರಾಂ ನಾರು ಎಂಬುದು ಸಾಮಾನ್ಯವಾಗಿ ಹೇಳುವ ಗುರಿ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿದೆ, ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಕರ್ನಾಟಕದ ಹಿರಿಯರ ತಟ್ಟೆಯಲ್ಲಿ ಆಗುವ ಬದಲಾವಣೆ ಈ ಎರಡು ಅಂಕಿಗಳಲ್ಲೇ ಇದೆ. ಹೊಲದಲ್ಲಿ ದುಡಿಯುವಾಗ ಎರಡು ಹೊತ್ತು ಮುದ್ದೆ ಉಂಡವರು ಹಲ್ಲು ಬಿದ್ದ ಮೇಲೆ, ಮಕ್ಕಳ ಮನೆ ಸೇರಿದ ಮೇಲೆ ಅನ್ನ-ತಿಳಿಸಾರು, ಇಡ್ಲಿ, ರವೆಗಂಜಿಗೆ ಇಳಿಯುತ್ತಾರೆ. ರಾತ್ರಿ ಪದೇ ಪದೇ ಏಳಬೇಕಾಗುತ್ತದೆಂದು ನೀರನ್ನೂ ಕಡಿಮೆ ಮಾಡುತ್ತಾರೆ. ಅಗಿಯಲು ಬಾರದವರಿಗೆ ಮುದ್ದೆಯಷ್ಟು ಅನುಕೂಲದ ಆಹಾರ ಬೇರೊಂದಿಲ್ಲ, ಅದನ್ನು ನುಂಗುವುದೇ ವಾಡಿಕೆ. ಮಧ್ಯಾಹ್ನ ಒಂದು ಸಾಧಾರಣ ಗಾತ್ರದ ಮುದ್ದೆ, ಚೆನ್ನಾಗಿ ಬೆಂದ ಕಾಳಿನ ಅಥವಾ ಸೊಪ್ಪಿನ ಸಾರು, ರಾತ್ರಿ ಒಂದು ಪಲ್ಯ, ಜೊತೆಗೆ ಒಂದು ಹಣ್ಣು ಎಂದರೆ ಗುರಿ ಹತ್ತಿರವಾಗುತ್ತದೆ.

ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರಿಸಿ ವಾಯು ಹೆಚ್ಚುತ್ತದೆ, ಹಿರಿಯರು ಮೂರನೇ ದಿನಕ್ಕೆ ಇದೆಲ್ಲ ನನಗಾಗದು ಎಂದು ಬಿಟ್ಟುಬಿಡುತ್ತಾರೆ. ವಾರಕ್ಕೆ ನಾಲ್ಕೈದು ಗ್ರಾಂನಂತೆ ತಿಂಗಳ ಅವಧಿಯಲ್ಲಿ ಏರಿಸುವುದು ಸರಿಯಾದ ಕ್ರಮ. ಊಟದಿಂದ ಸಾಲದಿದ್ದರೆ ಇಸಬ್‌ಗೋಲ್ ಹೊಟ್ಟು ಒಂದು ಚಮಚದಿಂದ ಶುರುಮಾಡಬಹುದು. ಅದನ್ನು ತುಂಬಿದ ಲೋಟ ನೀರಿನಲ್ಲಿ ಕದಡಿ ತಕ್ಷಣ ಕುಡಿಯಬೇಕು. ನೀರು ಸಾಲದೆ ಹೋದರೆ ಅದು ಗಂಟಲಲ್ಲಿ ಅಥವಾ ಕರುಳಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳಬಹುದು. ನುಂಗಲು ಕಷ್ಟಪಡುವವರಿಗೆ ಇದು ಸಲ್ಲದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದಾಗಿ ನೀರಿಗೆ ಮಿತಿ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಆರಂಭಿಸಬಾರದು.

ನಾರಿನ ಜೊತೆಗೆ ಮಾತ್ರೆಗಳ ಡಬ್ಬಿಯನ್ನೂ ನೋಡಬೇಕು. ಮಂಡಿನೋವಿಗೆಂದು ದಿನವೂ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗೆಯ ಮಾತ್ರೆಗಳು ಚೀಲದ ಉರಿಯೂತ, ರಕ್ತಸ್ರಾವ ಎರಡರ ಅಪಾಯವನ್ನೂ ಹೆಚ್ಚಿಸುತ್ತವೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಕರುಳು ತೂತಾಗುವ ಸಂಭವ ಹೆಚ್ಚು. ಧೂಮಪಾನ ಮತ್ತು ಬೊಜ್ಜೂ ಈ ಪಟ್ಟಿಯಲ್ಲಿವೆ. ನನ್ನ ಅಭಿಪ್ರಾಯದಲ್ಲಿ ಮಾತ್ರೆಯ ವಿಷಯಕ್ಕೆ ಸಿಗಬೇಕಾದ ಗಮನವನ್ನು ನಾರಿನ ಚರ್ಚೆ ನುಂಗಿಹಾಕಿದೆ.

ಎಡಗಡೆಯ ನೋವು

ಉರಿಯೂತದ ನೋವು ಸಾಮಾನ್ಯವಾಗಿ ಕಿಬ್ಬೊಟ್ಟೆಯ ಎಡಭಾಗದಲ್ಲಿ, ಹೊಕ್ಕುಳ ಮತ್ತು ಎಡ ಸೊಂಟದ ಮೂಳೆಯ ನಡುವೆ ಬರುತ್ತದೆ. ಬಂದು ಹೋಗಿ ಮಾಡುವುದಿಲ್ಲ, ಒಂದೇ ಸಮನೆ ಇರುತ್ತದೆ. ಗಂಟೆಗಳು ಕಳೆದಂತೆ, ಒಂದೆರಡು ದಿನಗಳಲ್ಲಿ ಬಲಿಯುತ್ತದೆ. ಬೆರಳಿಟ್ಟು ಇಲ್ಲೇ ಎಂದು ತೋರಿಸುವಷ್ಟು ಖಚಿತವಾಗಿರುತ್ತದೆ, ಒತ್ತಿದರೆ ಹೆಚ್ಚುತ್ತದೆ. ವಾಯುವಿನ ನೋವು ಜಾಗ ಬದಲಿಸುತ್ತದೆ, ಗಾಳಿ ಹೋದರೆ ಅಥವಾ ಶೌಚವಾದರೆ ಇಳಿಯುತ್ತದೆ. ಉರಿಯೂತದ್ದು ಇಳಿಯುವುದಿಲ್ಲ. ಊದಿದ ಕರುಳು ಮೂತ್ರಕೋಶಕ್ಕೆ ತಾಗಿಕೊಂಡರೆ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸಿ, ಮೂತ್ರದ ಸೋಂಕೆಂದೇ ಚಿಕಿತ್ಸೆ ನಡೆದುಬಿಡುವುದುಂಟು.

ಎಡಗಡೆಯ ನೋವೆಲ್ಲ ಇದೇ ಅಲ್ಲ. ಮೂತ್ರನಾಳದ ಕಲ್ಲಿನ ನೋವು ಬೆನ್ನಿನಿಂದ ತೊಡೆಸಂದಿಗೆ ಅಲೆಯಲೆಯಾಗಿ ಇಳಿಯುತ್ತದೆ, ರೋಗಿ ಹೊರಳಾಡುತ್ತಾನೆ. ಕರುಳಿನ ಉರಿಯೂತ ಇರುವವನು ಅಲುಗಾಡದೆ ಮಲಗುತ್ತಾನೆ. ತೊಡೆಸಂದಿಯ ಹರ್ನಿಯಾ ಸಿಕ್ಕಿಕೊಂಡಿರಬಹುದು. ಕರುಳಿಗೆ ರಕ್ತಸಂಚಾರ ಕಡಿಮೆಯಾಗಿರಬಹುದು, ಹಾಗಾದಾಗ ನೋವಿನ ಬೆನ್ನಿಗೇ ರಕ್ತಭೇದಿ ಆಗುತ್ತದೆ. ದೊಡ್ಡಕರುಳಿನ ಕ್ಯಾನ್ಸರ್ ಇದೇ ವೇಷದಲ್ಲಿ ಬರಬಲ್ಲದು.

ಜ್ವರ ಸೇರಿದಾಗ

ಒಂದು ಮಾದರಿ ಪ್ರಕರಣವನ್ನು ಹಂತಹಂತವಾಗಿ ನೋಡೋಣ. ಇದು ಯಾರೊಬ್ಬರದೂ ಅಲ್ಲ, ಆಸ್ಪತ್ರೆಗಳಲ್ಲಿ ಕಾಣುವ ರೀತಿಗೆ ತಕ್ಕಂತೆ ಕಟ್ಟಿದ್ದು. ಎಪ್ಪತ್ತೆರಡು ವರ್ಷದ ನಿವೃತ್ತ ಶಿಕ್ಷಕಿ, ಸಕ್ಕರೆ ಕಾಯಿಲೆ ಇದೆ, ಮಂಡಿನೋವಿಗೆ ಪ್ಯಾರಸಿಟಮಾಲ್, ಒಮ್ಮೊಮ್ಮೆ ಡೈಕ್ಲೋಫೆನಾಕ್. ಸೋಮವಾರ ಸಂಜೆ ಎಡ ಕಿಬ್ಬೊಟ್ಟೆಯಲ್ಲಿ ನೋವು. ಎರಡು ದಿನದಿಂದ ಹೊಟ್ಟೆ ಸರಿಯಾಗಿ ಹೋಗಿರಲಿಲ್ಲ. “ಗ್ಯಾಸ್ಟ್ರಿಕ್ ಇರಬೇಕು ಬಿಡಮ್ಮ” ಎಂದು ಸೊಸೆಗೆ ಹೇಳಿ ಜೀರಿಗೆ ನೀರು ಕುಡಿದು ಮಲಗಿದರು. ಮಂಗಳವಾರ ಊಟ ಸೇರಲಿಲ್ಲ, ನೋವು ಅದೇ ಜಾಗದಲ್ಲಿ ನಿಂತಿತು. ಮೈ ಬಿಸಿ ಎನಿಸಿದರೂ ಥರ್ಮಾಮೀಟರ್ 99.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಬುಧವಾರ ಬೆಳಗ್ಗೆ ಚಳಿ ಹತ್ತಿ ನಡುಕ ಬಂತು, ಜ್ವರ 101.6. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ರಸ್ತೆಯ ಪ್ರತಿ ಹಂಪಿಗೂ ಹೊಟ್ಟೆ ಹಿಡಿದುಕೊಂಡರು.

ಈ ಕಥೆಯಲ್ಲಿ ಎಚ್ಚರಿಸಬೇಕಾಗಿದ್ದ ಗಳಿಗೆ ಬುಧವಾರಕ್ಕಿಂತ ಮುಂಚಿನದು. ವಯಸ್ಸಾದವರಲ್ಲಿ ಜ್ವರ ತಡವಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ದಿನವೂ ಪ್ಯಾರಸಿಟಮಾಲ್ ನುಂಗುವವರಲ್ಲಿ ಅದು ಅಡಗಿರುತ್ತದೆ. ಬಿ.ಪಿ.ಗಾಗಿ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರ ನಾಡಿ ಸೋಂಕಿದ್ದರೂ ಓಡುವುದಿಲ್ಲ. ಸ್ಟೀರಾಯ್ಡ್ ತೆಗೆದುಕೊಳ್ಳುವವರ ಕರುಳು ತೂತಾಗಿದ್ದರೂ ಹೊಟ್ಟೆ ಮೆತ್ತಗೇ ಇರಬಹುದು. ಕೆಲವು ಹಿರಿಯರಲ್ಲಿ ಮೊದಲ ಲಕ್ಷಣವೇ ಗೊಂದಲ: ಹೊತ್ತು ತಿಳಿಯದಿರುವುದು, ಮಂಕಾಗಿ ಮಲಗಿಬಿಡುವುದು, ಊಟ ಬೇಡವೆನ್ನುವುದು.

ಹಾಗಾಗಿ ಇಳಿವಯಸ್ಸಿನವರಲ್ಲಿ ಒಂದೇ ಜಾಗದಲ್ಲಿ ನಿಂತ ಹೊಟ್ಟೆನೋವಿನ ಜೊತೆ ಜ್ವರ 100.4 ಡಿಗ್ರಿ ಮುಟ್ಟಿದರೆ ಅದೇ ದಿನ ವೈದ್ಯರು ನೋಡಬೇಕು, ಮರುದಿನದ ಹೊರರೋಗಿ ವಿಭಾಗಕ್ಕೆ ಕಾಯುವಂತಿಲ್ಲ. ಮಧುಮೇಹ, ಕ್ಯಾನ್ಸರ್ ಚಿಕಿತ್ಸೆ, ಸ್ಟೀರಾಯ್ಡ್, ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಜ್ವರ ಇಲ್ಲದಿದ್ದರೂ ಇದೇ ಮಾತು. ಇನ್ನು ಕೆಲವು ಲಕ್ಷಣಗಳು ಕಂಡರೆ ಗಂಟೆಗಳನ್ನೂ ಎಣಿಸುವಂತಿಲ್ಲ, 108ಕ್ಕೆ ಕರೆಮಾಡಿ ಶಸ್ತ್ರಚಿಕಿತ್ಸೆ ಮತ್ತು ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ನಡುಕದ ಚಳಿ, ನೋವು ಹಠಾತ್ತನೆ ಇಡೀ ಹೊಟ್ಟೆಗೆ ಹರಡುವುದು, ಹೊಟ್ಟೆ ಹಲಗೆಯಷ್ಟು ಬಿಗಿಯಾಗುವುದು, ಕೆಮ್ಮಿದರೆ ಅಥವಾ ವಾಹನ ಕುಲುಕಿದರೆ ಸಹಿಸಲಾಗದ ನೋವು, ನಿಲ್ಲದ ವಾಂತಿ, ಗಾಳಿಯೂ ಹೋಗದಿರುವುದು, ತಲೆಸುತ್ತಿ ಬೀಳುವುದು, ಮೂತ್ರ ಕಡಿಮೆಯಾಗುವುದು, ಹೊಸದಾಗಿ ಮಾತು ತೊದಲುವುದು ಅಥವಾ ಗೊಂದಲ, ಇವೇ ಆ ಲಕ್ಷಣಗಳು.

ಮನೆಯಲ್ಲಿ ಮಾಡಬಾರದ್ದು ಮುಖ್ಯವಾಗಿ ಎರಡು. ಹೊಟ್ಟೆ ಹೋಗಿಲ್ಲವೆಂದು ಹರಳೆಣ್ಣೆ, ಭೇದಿಮಾತ್ರೆ ಅಥವಾ ಎನಿಮಾ ಕೊಡಬಾರದು. ಉರಿಯೂತ ಎದ್ದ ಕರುಳನ್ನು ಹಿಂಡುವುದೆಂದರೆ ಸೋರಿಕೆಯನ್ನು ಹೆಚ್ಚಿಸುವುದು. ಎರಡನೆಯದು, ನೋವಿಗೆಂದು ಡೈಕ್ಲೋಫೆನಾಕ್ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಬರುವುದು. ನೋವು ನಾಲ್ಕು ಗಂಟೆ ಮಂದವಾಗುತ್ತದೆ, ರೋಗ ಮುಂದುವರಿಯುತ್ತದೆ. ಹಾಗೆಯೇ, ನಾರು ಒಳ್ಳೆಯದೆಂದು ಈ ಹೊತ್ತಿನಲ್ಲಿ ಇಸಬ್‌ಗೋಲ್ ಕುಡಿಸುವುದೂ ತಪ್ಪು. ನಾರಿನ ಕೆಲಸ ಕಾಯಿಲೆ ಬರುವ ಮುಂಚೆ ಮತ್ತು ವಾಸಿಯಾದ ಮೇಲೆ.

ಆಸ್ಪತ್ರೆಯಲ್ಲಿ

ಶಿಕ್ಷಕಿಯ ಪ್ರಕರಣಕ್ಕೆ ಮರಳಿದರೆ, ನಾಡಿ ನಿಮಿಷಕ್ಕೆ 110, ಬಿಳಿರಕ್ತಕಣ 17,000, ಉರಿಯೂತದ ಸೂಚಕವಾದ ಸಿ.ಆರ್.ಪಿ. ಲೀಟರಿಗೆ 190 ಮಿಲಿಗ್ರಾಂ. ಈ ಸೂಚಕ 150 ದಾಟಿದರೆ ಕೀವು ಕಟ್ಟಿರುವ ಅನುಮಾನ ಬಲವಾಗುತ್ತದೆ. ಖಚಿತ ಉತ್ತರ ಕೊಡುವುದು ಹೊಟ್ಟೆಯ ಸಿ.ಟಿ. ಸ್ಕ್ಯಾನ್. ರಕ್ತನಾಳಕ್ಕೆ ಬಣ್ಣದ ಔಷಧ ಕೊಟ್ಟು ತೆಗೆದರೆ ಚಿತ್ರ ಸ್ಪಷ್ಟ. ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಯಲು ಕ್ರಿಯಾಟಿನಿನ್ ನೋಡುತ್ತಾರೆ, ಅದು ಹೆಚ್ಚಿದ್ದರೆ ಬಣ್ಣವಿಲ್ಲದೆಯೂ ಸ್ಕ್ಯಾನ್ ಆಗುತ್ತದೆ. ಕೊಲೊನೋಸ್ಕೋಪಿಯನ್ನು ಈ ಹಂತದಲ್ಲಿ ಮಾಡುವುದಿಲ್ಲ, ಗಾಳಿ ತುಂಬಿದಾಗ ಮುಚ್ಚಿಕೊಂಡಿದ್ದ ಸಣ್ಣ ತೂತು ಬಿಚ್ಚಿಕೊಳ್ಳಬಹುದು.

ಸ್ಕ್ಯಾನಿನಲ್ಲಿ ಕಾಣುವುದನ್ನು ಶಸ್ತ್ರವೈದ್ಯರು 1978ರಲ್ಲಿ ಹಿಂಚಿ ಮತ್ತು ಸಂಗಡಿಗರು ರೂಪಿಸಿದ ನಾಲ್ಕು ಹಂತಗಳಲ್ಲಿ ಹೇಳುವುದು ರೂಢಿ. ಮೊದಲ ಹಂತದಲ್ಲಿ ಕರುಳಿನ ಪಕ್ಕದಲ್ಲೇ ಸಣ್ಣ ಕೀವುಗಡ್ಡೆ, ಎರಡರಲ್ಲಿ ದೂರ ಸರಿದು ಕಿಬ್ಬೊಟ್ಟೆಯ ಕುಳಿಯಲ್ಲಿ ನಿಂತ ಕೀವುಗಡ್ಡೆ, ಮೂರರಲ್ಲಿ ಇಡೀ ಹೊಟ್ಟೆಯಲ್ಲಿ ಕೀವು, ನಾಲ್ಕರಲ್ಲಿ ಹೊಟ್ಟೆಯೊಳಗೆ ಮಲವೇ ಹರಡಿರುತ್ತದೆ. ಕೊನೆಯ ಎರಡು ಹಂತಗಳಲ್ಲಿ ತುರ್ತು ಶಸ್ತ್ರಚಿಕಿತ್ಸೆ ಬೇಕು. ಹಾಳಾದ ಭಾಗ ಕತ್ತರಿಸಿ, ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಗೆ ತೆರೆದು ಚೀಲ ಅಂಟಿಸುವ ಹಾರ್ಟ್‌ಮನ್ ಶಸ್ತ್ರಚಿಕಿತ್ಸೆ ಈಗಲೂ ಬಳಕೆಯಲ್ಲಿದೆ. ಮುಂದೆ ಅದನ್ನು ಮತ್ತೆ ಜೋಡಿಸಬಹುದಾದರೂ ವಯಸ್ಸಾದವರಲ್ಲಿ ಹಲವರಿಗೆ ಆ ಎರಡನೇ ಶಸ್ತ್ರಚಿಕಿತ್ಸೆ ಆಗುವುದೇ ಇಲ್ಲ, ಹೊಟ್ಟೆಯ ಮೇಲಿನ ಚೀಲ ಉಳಿದುಬಿಡುತ್ತದೆ. ತಡಮಾಡುವುದರ ಬೆಲೆ ಏನೆಂದು ಮನೆಯವರು ಮೊದಲೇ ತಿಳಿದಿರಬೇಕಾದ್ದು ಇದಕ್ಕೇ.

ಶಿಕ್ಷಕಿಗೆ ಕಂಡಿದ್ದು ಸಿಗ್ಮಾಯ್ಡ್ ಪಕ್ಕ ಐದು ಸೆಂಟಿಮೀಟರಿನ ಕೀವುಗಡ್ಡೆ. ಮೂರು ಸೆಂಟಿಮೀಟರಿನ ಒಳಗಿದ್ದರೆ ಆಂಟಿಬಯೋಟಿಕ್‌ನಿಂದಲೇ ಕರಗುವ ಸಂಭವ ಹೆಚ್ಚು. ಅದಕ್ಕಿಂತ ದೊಡ್ಡದಾದರೆ, ತಲುಪುವ ಜಾಗದಲ್ಲಿದ್ದರೆ, ಸ್ಕ್ಯಾನ್ ನೋಡಿಕೊಂಡು ಚರ್ಮದ ಮೂಲಕ ಸಣ್ಣ ನಳಿಕೆ ಇಳಿಸಿ ಕೀವು ಹರಿಸುತ್ತಾರೆ. ಇವರಿಗೆ ಹಾಗೆ ಮಾಡಿ, ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಟ್ಟು, ಎರಡು ದಿನ ಬರೀ ದ್ರವಾಹಾರ. ಮೂರನೇ ದಿನ ಜ್ವರ ಇಳಿಯಿತು. ಎರಡು ಮೂರು ದಿನಗಳಲ್ಲಿ ಇಳಿಯದೆ ಹೋದರೆ ಮತ್ತೆ ಸ್ಕ್ಯಾನ್ ಮಾಡಿ ಶಸ್ತ್ರಚಿಕಿತ್ಸೆಯ ಮಾತು ಎತ್ತಬೇಕಾಗುತ್ತದೆ.

ಕೀವಾಗಲಿ ತೂತಾಗಲಿ ಇಲ್ಲದ ಸೌಮ್ಯ ಉರಿಯೂತಕ್ಕೆ ಆಂಟಿಬಯೋಟಿಕ್ ಕೊಡದಿದ್ದರೂ ವಾಸಿಯಾಗುತ್ತದೆ ಎಂದು ಸ್ವೀಡನ್ನಿನ 2012ರ ಪರೀಕ್ಷೆ ತೋರಿಸಿತು, ನೆದರ್‌ಲೆಂಡ್ಸ್‌ನ ಇನ್ನೊಂದು ಪರೀಕ್ಷೆ ಅದನ್ನೇ ಹೇಳಿತು. ಪತ್ರಿಕೆಗಳಲ್ಲಿ ಇದನ್ನು ಓದಿ ಮನೆಯಲ್ಲೇ ಕಾಯುವವರಿದ್ದಾರೆ. ಆ ರೋಗಿಗಳ ಸೌಮ್ಯತೆ ಸಿ.ಟಿ.ಯಲ್ಲಿ ಖಚಿತವಾಗಿತ್ತು, ಸೋಂಕು ತಡೆವ ಶಕ್ತಿ ಕುಗ್ಗಿದವರನ್ನು ಸೇರಿಸಿರಲಿಲ್ಲ. ಮಧುಮೇಹವಿರುವ ಎಪ್ಪತ್ತೆರಡರ ಅಜ್ಜಿ ಚಳಿಜ್ವರದಿಂದ ನಡುಗುತ್ತಿರುವಾಗ ಆ ಫಲಿತಾಂಶ ಅನ್ವಯಿಸುವುದಿಲ್ಲ.

ವಾಸಿಯಾದ ಮೇಲೆ

ನೋವು ತಗ್ಗಿ ಹಸಿವಾದಂತೆ ಗಂಜಿ, ಮೆತ್ತನೆ ಅನ್ನ, ಮೊಸರಿಗೆ ಬರುತ್ತಾರೆ. ನಾರನ್ನು ಮತ್ತೆ ಏರಿಸುವುದು ನೋವು ಪೂರ್ತಿ ಹೋದ ಮೇಲೆ, ಹಿಂದೆ ಹೇಳಿದ ನಿಧಾನದಲ್ಲಿ. ಆರರಿಂದ ಎಂಟು ವಾರಗಳ ನಂತರ, ಇತ್ತೀಚೆಗೆ ಮಾಡಿಸಿರದಿದ್ದರೆ, ಕೊಲೊನೋಸ್ಕೋಪಿ ಬೇಕು. ಊದಿದ ಗೋಡೆಯ ಮರೆಯಲ್ಲಿ ಕ್ಯಾನ್ಸರ್ ಇದ್ದರೆ ಸಿ.ಟಿ.ಯಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ, ಕೀವುಗಡ್ಡೆ ಆಗಿದ್ದವರಲ್ಲಿ ಈ ಅನುಮಾನ ಇನ್ನೂ ಹೆಚ್ಚು. ತೀರ ದುರ್ಬಲರಾದವರಿಗೆ ಆ ಪರೀಕ್ಷೆಯ ಮುಂಚಿನ ಭೇದಿಯೇ ಅಪಾಯ, ಅಂಥವರಲ್ಲಿ ವೈದ್ಯರೂ ಮನೆಯವರೂ ಕೂತು ತೂಗಿ ನೋಡಬೇಕು.

ಸೌಮ್ಯ ಉರಿಯೂತದಿಂದ ಚೇತರಿಸಿಕೊಂಡವರಲ್ಲಿ ಹತ್ತು ವರ್ಷಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮರುಕಳಿಸುತ್ತದೆ. ಎರಡು ಸಲ ಬಂದರೆ ಕರುಳನ್ನು ಕತ್ತರಿಸಲೇಬೇಕು ಎಂಬ ಹಳೆಯ ನಿಯಮ ಈಗ ಇಲ್ಲ. ಕರುಳು ತೂತಾಗುವ ಅಪಾಯ ಮೊದಲ ಸಲವೇ ಹೆಚ್ಚು, ಮುಂದಿನ ಸಲಗಳಲ್ಲಿ ಇಳಿಯುತ್ತದೆ ಎಂದು ತಿಳಿದುಬಂದ ಮೇಲೆ ಅದನ್ನು ಕೈಬಿಟ್ಟರು. ಯೋಜಿಸಿ ಮಾಡುವ ಶಸ್ತ್ರಚಿಕಿತ್ಸೆಯ ಪ್ರಶ್ನೆ ಏಳುವುದು ಕೀವುಗಡ್ಡೆ ಮರುಕಳಿಸಿದರೆ, ಕರುಳು ಕಿರಿದಾಗಿ ಅಡ್ಡಗಟ್ಟಿದರೆ, ಅಥವಾ ಕರುಳಿಗೂ ಮೂತ್ರಕೋಶಕ್ಕೂ ನಡುವೆ ರಂಧ್ರ ಬಿದ್ದರೆ. ಈ ಕೊನೆಯದನ್ನು ರೋಗಿಯೇ ಗುರುತಿಸಬಲ್ಲ: ಮೂತ್ರದ ಜೊತೆ ಗಾಳಿಗುಳ್ಳೆಗಳು ಹೋಗುತ್ತವೆ, ಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತದೆ. ಹೆಂಗಸರಲ್ಲಿ ಗರ್ಭಕೋಶ ನಡುವೆ ಅಡ್ಡವಿರುವುದರಿಂದ ಇದು ಗಂಡಸರಲ್ಲೇ ಹೆಚ್ಚು. ಗರ್ಭಕೋಶ ತೆಗೆಸಿಕೊಂಡ ಹೆಂಗಸರಿಗೆ ಆ ರಕ್ಷಣೆ ಇರುವುದಿಲ್ಲ.